ಮೊದಲ ಉದ್ಯೋಗಕ್ಕೆ ಪ್ರಾಧ್ಯಾಪಕರ ಶಿಫಾರಸು ಪತ್ರ: ಕೇಳುವ ಬಗೆ

ಕನ್ನಡದಲ್ಲಿ 'ಶಿಫಾರಸು' ಎಂಬ ಪದಕ್ಕೆ ವಶೀಲಿಯ ವಾಸನೆ ಅಂಟಿಕೊಂಡುಬಿಟ್ಟಿದೆ. ಆದರೆ ಖಾಸಗಿ ಸಂಸ್ಥೆಗಳು, ಸಂಶೋಧನಾಲಯಗಳು ಹೊಸ ಪದವೀಧರರಿಂದ ಕೇಳುವ ಶಿಫಾರಸು ಪತ್ರವು ಪ್ರಭಾವ ಬೀರುವ ಚೀಟಿಯಲ್ಲ. ಅಭ್ಯರ್ಥಿಯ ಕೆಲಸವನ್ನು ಹತ್ತಿರದಿಂದ ಕಂಡ ಶಿಕ್ಷಕರೊಬ್ಬರ ಸಾಕ್ಷ್ಯ ಅದು. ಕಾಲೇಜು ಕಚೇರಿಯಿಂದ ವರ್ಗಾವಣೆ ಪತ್ರದೊಡನೆ ದೊರೆಯುವ ನಡತೆ ಪ್ರಮಾಣಪತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ನಡತೆ ಪ್ರಮಾಣಪತ್ರದ ಒಕ್ಕಣೆ ಎಲ್ಲರಿಗೂ ಒಂದೇ ಆಗಿರುತ್ತದೆ, ಹೆಸರಷ್ಟೇ ಬೇರೆ. ಇನ್ನು ಸರ್ಕಾರಿ ನೇಮಕಾತಿಯ ಅನೇಕ ಅಧಿಸೂಚನೆಗಳು ಪ್ರಭಾವ ಬೀರಲು ಯತ್ನಿಸಿದರೆ ಅರ್ಜಿ ಅನರ್ಹವಾಗುವುದೆಂದು ಹೇಳುತ್ತವೆ. ಅಂಥ ಕಡೆ, ಸ್ಪಷ್ಟವಾಗಿ ಕೇಳದ ಹೊರತು ಇಂಥ ಪತ್ರ ಲಗತ್ತಿಸದಿರುವುದೇ ಕ್ಷೇಮ.

ಪತ್ರವನ್ನು ಯಾರಿಂದ ಪಡೆಯಬೇಕೆಂಬುದು ಮೊದಲ ಪ್ರಶ್ನೆ. ಪ್ರಾಂಶುಪಾಲರ ಅಥವಾ ವಿಭಾಗದ ಮುಖ್ಯಸ್ಥರ ಸಹಿಗೆ ತೂಕ ಹೆಚ್ಚೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ವ್ಯಾಪಕವಾಗಿದೆ. ಆದರೆ ಅಭ್ಯರ್ಥಿಯನ್ನು ಗುಂಪಿನಲ್ಲಷ್ಟೇ ನೋಡಿರುವ ಹಿರಿಯರು 'ಶ್ರಮಜೀವಿ, ಸದ್ಗುಣಿ' ಎಂಬುದಕ್ಕಿಂತ ಹೆಚ್ಚೇನೂ ಬರೆಯಲಾರರು. ಪ್ರಯೋಗಾಲಯದಲ್ಲಿ ಜೊತೆಗಿದ್ದ, ಪ್ರಾಜೆಕ್ಟ್‌ಗೆ ಮಾರ್ಗದರ್ಶನ ನೀಡಿದ ಕಿರಿಯ ಸಹಾಯಕ ಪ್ರಾಧ್ಯಾಪಕರ ಒಂದು ಪುಟವೇ ಇಲ್ಲಿ ಹೆಚ್ಚು ಉಪಯುಕ್ತ.

ನೆನಪಿಗೆ ಆಧಾರ ಬೇಕು

ಪ್ರಾಧ್ಯಾಪಕರ ತೊಡಕು ಮನಸ್ಸಿನದ್ದಲ್ಲ, ನೆನಪಿನದ್ದು. ವರ್ಷವರ್ಷವೂ ಹೊಸ ತಂಡ ಬರುತ್ತದೆ. ಎರಡು ವರ್ಷದ ಹಿಂದೆ ಯಾರು ಯಾವ ಪ್ರಾಜೆಕ್ಟ್ ಮಾಡಿದರು ಎಂಬುದು ಮಸುಕಾಗುವುದು ಸಹಜ. ಆದ್ದರಿಂದ ವಿನಂತಿಯೊಡನೆ ಒಂದು ಪುಟದ ಟಿಪ್ಪಣಿ ಇರಬೇಕು. ಅದು ಸ್ವಪರಿಚಯ ಪತ್ರದ ಪ್ರತಿಯಲ್ಲ. ಪ್ರಾಧ್ಯಾಪಕರೇ ಕಣ್ಣಾರೆ ಕಂಡಿದ್ದು, ಈಗ ಮರೆತಿರಬಹುದಾದ ಸಂಗತಿಗಳು ಮಾತ್ರ ಅದರಲ್ಲಿರಬೇಕು.

ಒಂದು ಉದಾಹರಣೆ ನೋಡಬಹುದು. ರಸಾಯನ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ ವಿದ್ಯಾರ್ಥಿನಿಯೊಬ್ಬಳು ಔಷಧ ತಯಾರಿಕಾ ಸಂಸ್ಥೆಯೊಂದರ ಗುಣಮಟ್ಟ ನಿಯಂತ್ರಣ ವಿಭಾಗದಲ್ಲಿ ವಿಶ್ಲೇಷಕಿಯ ಹುದ್ದೆಗೆ ಅರ್ಜಿ ಹಾಕುತ್ತಿದ್ದಾಳೆಂದು ಭಾವಿಸೋಣ. ಅವಳ ಪ್ರಾಜೆಕ್ಟ್ ಕೊಳವೆಬಾವಿ ನೀರಿನ ಫ್ಲೋರೈಡ್ ಪ್ರಮಾಣ ಕುರಿತದ್ದು. 'ಸರ್, ಕೆಲಸಕ್ಕೆ ಶಿಫಾರಸು ಪತ್ರ ಬೇಕಿತ್ತು, ನಾಳೆ ಕೊನೆಯ ದಿನ' ಎಂಬ ಒಂದು ಸಾಲಿನ ಸಂದೇಶ ಕಳಿಸಿದರೆ ಅವಳಿಗೆ ಸಿಗುವುದು ಹಳೆಯ ಪತ್ರವೊಂದರಲ್ಲಿ ಹೆಸರು ಬದಲಿಸಿದ ಪ್ರತಿ. ಕೆಲವೊಮ್ಮೆ ಹಿಂದಿನವನ ಹೆಸರು ಒಂದೆಡೆ ಹಾಗೇ ಉಳಿದಿರುವುದೂ ಉಂಟು.

ಅದರ ಬದಲು ಅವಳ ಟಿಪ್ಪಣಿ ಹೀಗಿರಬಹುದು: 'ತಮ್ಮ ವಿಶ್ಲೇಷಣಾತ್ಮಕ ರಸಾಯನ ವಿಜ್ಞಾನದ ತರಗತಿಯಲ್ಲಿ ಎರಡನೇ ಸೆಮಿಸ್ಟರ್‌ನಲ್ಲಿ ಓದಿದೆ. ನಾಲ್ಕನೇ ಸೆಮಿಸ್ಟರ್‌ನಲ್ಲಿ ತಮ್ಮ ಮಾರ್ಗದರ್ಶನದಲ್ಲಿ 40 ಕೊಳವೆಬಾವಿಗಳ ನೀರನ್ನು ಫ್ಲೋರೈಡ್ ಎಲೆಕ್ಟ್ರೋಡ್‌ನಿಂದ ಪರೀಕ್ಷಿಸಿದೆ. ಮೊದಲ 12 ಮಾದರಿಗಳನ್ನು ಎರಡನೇ ಸಲ ಅಳೆದಾಗ ಅಂಕಿಗಳು ಹೊಂದಲಿಲ್ಲ. ಆಗ ತಾವು ಪ್ರಮಾಣಿತ ದ್ರಾವಣವನ್ನು ಪರಿಶೀಲಿಸಲು ಸೂಚಿಸಿದ್ದಿರಿ. ಹಳೆಯ ದ್ರಾವಣದಲ್ಲಿ ದೋಷವಿದ್ದುದು ಗೊತ್ತಾಗಿ, ಹೊಸದನ್ನು ತಯಾರಿಸಿ ಹನ್ನೆರಡನ್ನೂ ಮತ್ತೆ ಅಳೆದೆ. ತಪ್ಪು ಅಂಕಿಗಳನ್ನು ದಾಖಲೆ ಪುಸ್ತಕದಿಂದ ತೆಗೆಯದೆ, ಒಂದು ಗೆರೆ ಎಳೆದು ಕಾರಣ ಬರೆದಿಟ್ಟಿದ್ದೇನೆ. ಆ ಪುಟದ ಪ್ರತಿ ಲಗತ್ತಿಸಿದೆ.'

ಇಲ್ಲಿ ತನ್ನ ಗುಣಗಾನದ ಒಂದು ಪದವೂ ಇಲ್ಲ. ಆದರೂ ಪ್ರಾಧ್ಯಾಪಕರಿಗೆ ಬೇಕಾದದ್ದೆಲ್ಲ ಸಿಕ್ಕಿದೆ. ಔಷಧ ಉದ್ಯಮದ ಗುಣಮಟ್ಟ ವಿಭಾಗಕ್ಕೆ ಚುರುಕುತನಕ್ಕಿಂತ ದಾಖಲೆಯ ಪ್ರಾಮಾಣಿಕತೆ ಮುಖ್ಯ. ಹೊಂದದ ಅಂಕಿಯನ್ನು ಅಳಿಸಿಹಾಕುವವರನ್ನು ಅಲ್ಲಿ ಸಹಿಸುವುದಿಲ್ಲ. ಹೀಗಾಗಿ 'ಫಲಿತಾಂಶ ತನಗೆ ಅನುಕೂಲವಾಗಿಲ್ಲದಾಗ ಈಕೆ ಅಂಕಿಯನ್ನು ತಿದ್ದಲಿಲ್ಲ, ಕಾರಣ ಹುಡುಕಿದಳು. ಅದನ್ನು ನಾನು ಕಂಡಿದ್ದೇನೆ' ಎಂದು ಪ್ರಾಧ್ಯಾಪಕರು ಬರೆದರೆ ಹತ್ತು ವಿಶೇಷಣಗಳಿಗಿಂತ ಅದು ಮಿಗಿಲು. ಅದೇ ವಿದ್ಯಾರ್ಥಿನಿ ಕಾಲೇಜು ಉಪನ್ಯಾಸಕಿಯ ಹುದ್ದೆ ಬಯಸಿದ್ದರೆ ಈ ಘಟನೆಗಿಂತ, ಕಿರಿಯರಿಗೆ ಉಪಕರಣ ಬಳಸಲು ಕಲಿಸಿದ ಸಂಗತಿ ಮುಂದೆ ಬರಬೇಕಿತ್ತು. ಆದ್ದರಿಂದಲೇ ಟಿಪ್ಪಣಿಯೊಡನೆ ಉದ್ಯೋಗದ ಜಾಹೀರಾತನ್ನೂ ಇಡುವುದು ಅಗತ್ಯ.

ಉಳಿದ ವಿವರಗಳು ಸಣ್ಣವು, ಆದರೆ ಪತ್ರ ತಡವಾಗುವುದು ಬಹುತೇಕ ಇವುಗಳಿಂದಲೇ. ಅಂಕಪಟ್ಟಿಯಲ್ಲಿರುವಂತೆಯೇ ಹೆಸರಿನ ಕಾಗುಣಿತ ಮತ್ತು ನೋಂದಣಿ ಸಂಖ್ಯೆ, ಪತ್ರ ಯಾರ ಹೆಸರಿಗೆ, ಅವರ ಹುದ್ದೆ ಮತ್ತು ವಿಳಾಸವೇನು, ಮುದ್ರಿತ ಪ್ರತಿಯೋ ಇಮೇಲೋ ಅಥವಾ ಸಂಸ್ಥೆಯ ಜಾಲತಾಣದಲ್ಲಿ ನೇರವಾಗಿ ಸಲ್ಲಿಸಬೇಕೋ, ಕೊನೆಯ ದಿನಾಂಕ ಯಾವುದು ಎಂಬುದನ್ನು ಟಿಪ್ಪಣಿಯ ತುದಿಯಲ್ಲೇ ಬರೆಯಬೇಕು. ಜಾಲತಾಣದ ಮೂಲಕ ಸಲ್ಲಿಸುವ ವ್ಯವಸ್ಥೆಯಿದ್ದಲ್ಲಿ ಕೊಂಡಿಯುಳ್ಳ ಇಮೇಲ್ ಪ್ರಾಧ್ಯಾಪಕರಿಗೆ ಹೋಗುತ್ತದೆ. ಅದು ಅನೇಕ ವೇಳೆ ಸ್ಪ್ಯಾಮ್ ಕಡತದಲ್ಲಿ ಬಿದ್ದಿರುತ್ತದೆ. ಹಾಗಾಗಿ ಕೊಂಡಿ ಕಳಿಸಲಾದ ದಿನವೇ ಅವರಿಗೆ ತಿಳಿಸುವುದು ಒಳಿತು. ಕಾಲೇಜಿನ ಲೆಟರ್‌ಹೆಡ್ ಮತ್ತು ಮೊಹರು ಬೇಕಿದ್ದರೆ ಕಚೇರಿಯ ಜಾವಕ ಸಂಖ್ಯೆಗಾಗಿ ಇನ್ನೂ ಒಂದೆರಡು ದಿನ ಹಿಡಿಯಬಹುದು. ಎರಡರಿಂದ ಮೂರು ವಾರ ಮುಂಚೆ ಕೇಳಿ, ಕೊನೆಯ ದಿನಕ್ಕೆ ಐದಾರು ದಿನವಿರುವಾಗ ಒಮ್ಮೆ ನೆನಪಿಸುವುದು ಸಭ್ಯ ಕ್ರಮ. ಪರೀಕ್ಷೆ ಮತ್ತು ಮೌಲ್ಯಮಾಪನದ ದಿನಗಳಾದರೆ ಇನ್ನಷ್ಟು ಮುಂಚೆಯೇ ಕೇಳಬೇಕು.

ಕೇಳುವ ಮಾತಿನಲ್ಲಿ ನಿರಾಕರಣೆಗೆ ಜಾಗ ಬಿಡುವುದೂ ಮುಖ್ಯ. 'ನನ್ನ ಕೆಲಸದ ಬಗ್ಗೆ ವಿವರವಾಗಿ ಬರೆಯುವಷ್ಟು ತಮಗೆ ಪರಿಚಯವಿದೆ ಎನ್ನಿಸಿದರೆ ಮಾತ್ರ' ಎಂಬ ಒಂದು ಸಾಲು ಸಾಕು. ಮನಸ್ಸಿಲ್ಲದೆ ಬರೆದ ನಾಲ್ಕು ಸಾಲಿನ ಪತ್ರವನ್ನು ಓದುವವರು ಹೊಗಳಿಕೆಯೆಂದು ತಿಳಿಯುವುದಿಲ್ಲ, ಹೇಳಲು ಏನೂ ಇಲ್ಲವೆಂದೇ ತಿಳಿಯುತ್ತಾರೆ.

'ನೀನೇ ಬರೆದು ತಾ'

ನಮ್ಮ ಕಾಲೇಜುಗಳಲ್ಲಿ ಆಗಾಗ ಕೇಳಿಬರುವ ಉತ್ತರವಿದು. ತನ್ನನ್ನು ತಾನೇ ಹೊಗಳಿಕೊಳ್ಳಲು ಹಿಂಜರಿಯುವ ವಿದ್ಯಾರ್ಥಿ ಅಂತರ್ಜಾಲದಿಂದ ಮಾದರಿಯೊಂದನ್ನು ಎತ್ತಿ ತರುತ್ತಾನೆ. ಒಂದೇ ತರಗತಿಯ ಮೂವರ ಪತ್ರಗಳು ಒಂದೇ ವಾಕ್ಯದಿಂದ ಆರಂಭವಾದಾಗ ನೇಮಕಾಧಿಕಾರಿಗೆ ಅನುಮಾನ ಮೂಡದಿರದು. ಇಂಥ ಸಂದರ್ಭದಲ್ಲಿ ಮೇಲಿನ ಟಿಪ್ಪಣಿಯನ್ನೇ ಪತ್ರದ ರೂಪಕ್ಕೆ ತಂದು, ಪರಿಚಯದ ಅವಧಿ ಮತ್ತು ನಡೆದ ಸಂಗತಿಗಳನ್ನು ಮಾತ್ರ ತುಂಬಿ, ಅಭಿಪ್ರಾಯ ಹೇಳುವ ಸಾಲುಗಳ ಜಾಗವನ್ನು ಖಾಲಿ ಬಿಡುವುದು ಲೇಸು. ತಿದ್ದಲು ಬರುವ ವರ್ಡ್ ಕಡತದಲ್ಲೇ ಕಳಿಸಬೇಕು. ಪಿಡಿಎಫ್ ಕಳಿಸಿದರೆ ಪ್ರಾಧ್ಯಾಪಕರು ತಿದ್ದುವ ಗೋಜಿಗೆ ಹೋಗದೆ ಸಹಿ ಹಾಕಿಬಿಡುವ ಸಂಭವವಿದೆ. ಪತ್ರದಲ್ಲಿ ಏನಿದೆಯೆಂದು ಅವರಿಗೇ ತಿಳಿದಿರದಿದ್ದರೆ ಮುಂದೆ ತೊಂದರೆ. ಏಕೆಂದರೆ ಕೆಲವು ಸಂಸ್ಥೆಗಳು ದೂರವಾಣಿ ಕರೆ ಮಾಡಿ ವಿಚಾರಿಸುತ್ತವೆ.

ಅರ್ಜಿಯಲ್ಲಿ 'ಪರಿಚಿತರ ಹೆಸರು ಮತ್ತು ದೂರವಾಣಿ' ಎಂಬ ಅಂಕಣವಷ್ಟೇ ಇದ್ದಾಗಲೂ ಇದೇ ಮಾತು ಅನ್ವಯಿಸುತ್ತದೆ. ಅನುಮತಿ ಪಡೆಯದೆ ಪ್ರಾಧ್ಯಾಪಕರ ಮೊಬೈಲ್ ಸಂಖ್ಯೆ ನಮೂದಿಸಬಾರದು. ಅನುಮತಿ ದೊರೆತ ಬಳಿಕ, ಯಾವ ಸಂಸ್ಥೆಯಿಂದ, ಯಾವ ವಾರದಲ್ಲಿ ಕರೆ ಬರಬಹುದೆಂದು ತಿಳಿಸಿ ಟಿಪ್ಪಣಿಯ ಒಂದು ಪ್ರತಿಯನ್ನು ಮತ್ತೆ ಕಳಿಸಬೇಕು. ತರಗತಿ ಮುಗಿಸಿ ಹೊರಬರುವಾಗ ಬಂದ ಅನಾಮಧೇಯ ಕರೆಗೆ 'ಯಾರು? ಯಾವ ಬ್ಯಾಚು?' ಎಂಬ ಉತ್ತರ ಹೋಗದಂತೆ ತಡೆಯಲು ಇರುವ ಉಪಾಯ ಇದೊಂದೇ.