ಪಕ್ಕದ ಮನೆಯ ಟಿ.ವಿ. ಸದ್ದು ನಿಮ್ಮ ವಿಡಿಯೊದಲ್ಲಿ ಕೇಳದಿರಲು

ಮನೆಯಲ್ಲೇ ಕೂತು ಕವಿತೆ ಓದುವ, ಉಪನ್ಯಾಸ ಕೊಡುವ ವಿಡಿಯೊಗಳಲ್ಲಿ ಚಿತ್ರ ಚೆನ್ನಾಗಿರುತ್ತದೆ, ಆದರೆ ಮಾತಿನ ಹಿಂದೆ ಪಕ್ಕದ ಮನೆಯ ಧಾರಾವಾಹಿಯೂ ನಡೆಯುತ್ತಿರುತ್ತದೆ. ಸೊಲ್ಲಾಪುರದಲ್ಲಾದರೆ ಅದು ಮರಾಠಿ, ಕಾಸರಗೋಡಿನಲ್ಲಾದರೆ ಮಲಯಾಳ. ಕೇಳುವವರ ಕಿವಿ ಎರಡು ಮಾತುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಪರಿಹಾರವನ್ನು ರೆಕಾರ್ಡಿಂಗ್ ಮಾಡುವಾಗಲೇ ಹುಡುಕಬೇಕು. ಆಮೇಲೆ ಮಾಡಬಹುದಾದದ್ದು ಬಹಳ ಕಡಿಮೆ.

ಮೊದಲು ಮೈಕ್ ಹತ್ತಿರ ತನ್ನಿ

ಮೊಬೈಲನ್ನು ಎರಡು ಮೀಟರ್ ದೂರದ ಸ್ಟ್ಯಾಂಡಿನ ಮೇಲಿಟ್ಟು ಮಾತಾಡುತ್ತೀರಿ ಎಂದುಕೊಳ್ಳೋಣ. ಕಿಟಕಿಯಿಂದ ಬರುವ ಟಿ.ವಿ. ಸದ್ದು ಕೋಣೆಯ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ನಿಮ್ಮ ದನಿ ಮಾತ್ರ ದೂರ ಹೋದಂತೆ ಕುಗ್ಗುತ್ತದೆ. ಬಾಯಿಗೂ ಮೈಕಿಗೂ ಇರುವ ದೂರ ಅರ್ಧವಾದರೆ ಮೈಕಿಗೆ ತಲುಪುವ ದನಿ ಸುಮಾರು 6 ಡೆಸಿಬಲ್ ಏರುತ್ತದೆ. ಎರಡು ಮೀಟರಿನಿಂದ ಒಂದು ಮೀಟರ್, ಅಲ್ಲಿಂದ 50 ಸೆಂಟಿಮೀಟರ್, ಅಲ್ಲಿಂದ 25 ಎಂದು ಮೂರು ಸಲ ಅರ್ಧ ಮಾಡಿದರೆ 18 ಡೆಸಿಬಲ್, ಅಂದರೆ ದನಿ ಎಂಟು ಪಟ್ಟು ಬಲವಾಗುತ್ತದೆ. ಪಕ್ಕದ ಮನೆಯ ಸದ್ದು ಇದ್ದಲ್ಲೇ ಇರುತ್ತದೆ. ಗೋಡೆಗಳು ಪ್ರತಿಧ್ವನಿಸುವ ಕೋಣೆಯಲ್ಲಿ ಲಾಭ ಸ್ವಲ್ಪ ಕಡಿಮೆಯಾಗಬಹುದು, ಆದರೂ ಇಷ್ಟು ದೊಡ್ಡ ಲಾಭ ಬೇರೆ ಯಾವ ಉಪಾಯದಿಂದಲೂ ಸಿಗುವುದಿಲ್ಲ.

ಇದಕ್ಕೆ ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕ್ ಸಾಕು. ಅದೂ ಇಲ್ಲದಿದ್ದರೆ ಮನೆಯ ಇನ್ನೊಂದು ಮೊಬೈಲಿನ ವಾಯ್ಸ್ ರೆಕಾರ್ಡರ್ ಹಾಕಿ, ಮೈಕ್ ಇರುವ ತುದಿ ಮೇಲೆ ಬರುವಂತೆ ಅಂಗಿಯ ಜೇಬಿನಲ್ಲಿಡಿ. ಎರಡೂ ಮೊಬೈಲ್ ಓಡುತ್ತಿರುವಾಗ ಕ್ಯಾಮೆರಾದ ಮುಂದೆ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಎಡಿಟ್ ಮಾಡುವಾಗ ಆ ಚಪ್ಪಾಳೆಯನ್ನು ನೋಡಿಕೊಂಡು ದನಿಯನ್ನೂ ಚಿತ್ರವನ್ನೂ ಹೊಂದಿಸಿ, ಕ್ಯಾಮೆರಾದ ಸದ್ದನ್ನು ಪೂರ್ತಿ ತೆಗೆದುಬಿಡಿ. ಉದ್ದದ ರೆಕಾರ್ಡಿಂಗಿನಲ್ಲಿ ತುಟಿಗೂ ಮಾತಿಗೂ ನಿಧಾನವಾಗಿ ಅಂತರ ಬೀಳುವುದುಂಟು. ಹಾಗಾಗಿ ಹತ್ತು ನಿಮಿಷದ ತುಂಡುಗಳಾಗಿ ಮಾಡಿ, ಪ್ರತಿ ತುಂಡಿಗೂ ಚಪ್ಪಾಳೆ ತಟ್ಟಿ.

ಮೈಕ್ ಸಿಕ್ಕಿಸಿದರೂ ಕೆಲವು ಕ್ಯಾಮೆರಾ ಆ್ಯಪ್‌ಗಳು ಮೊಬೈಲಿನ ಒಳಗಿನ ಮೈಕನ್ನೇ ಬಳಸುತ್ತವೆ. ರೆಕಾರ್ಡಿಂಗ್ ನಡೆಯುವಾಗ ಹೊರಗಿನ ಮೈಕನ್ನು ಉಗುರಿನಿಂದ ಮೆಲ್ಲಗೆ ತಟ್ಟಿ, ಆಮೇಲೆ ಕೇಳಿ ನೋಡಿ. ಟಕ್ ಟಕ್ ಎಂದು ಜೋರಾಗಿ ಕೇಳದಿದ್ದರೆ ಮೈಕ್ ಕೆಲಸ ಮಾಡುತ್ತಿಲ್ಲ.

ನಂತರ ಕೋಣೆ

ಸದ್ದು ಹೆಚ್ಚಾಗಿ ಒಳಗೆ ಬರುವುದು ಸಂದಿಗಳಿಂದ. ಪಕ್ಕದ ಮನೆಗೆ ಅಂಟಿದ ಗೋಡೆಯಿಲ್ಲದ ಕೋಣೆ ಆರಿಸಿಕೊಳ್ಳಿ, ಕಿಟಕಿ ಭದ್ರವಾಗಿ ಮುಚ್ಚಿ, ಬಾಗಿಲಿನ ಕೆಳಗಿನ ಸಂದಿಗೆ ದಪ್ಪ ಟವಲ್ ಸುತ್ತಿಡಿ. ಗೋಡೆಗೆ ಕಂಬಳಿ ತೂಗುಹಾಕಿದರೆ ಕೋಣೆಯೊಳಗಿನ ಪ್ರತಿಧ್ವನಿ ತಗ್ಗುತ್ತದೆ, ಆದರೆ ಹೊರಗಿನ ಸದ್ದು ಒಳಗೆ ಬರುವುದು ಅದರಿಂದ ನಿಲ್ಲುವುದಿಲ್ಲ.

ಅರ್ಧ ನಿಮಿಷದ ಪರೀಕ್ಷೆ

ಹತ್ತು ಸೆಕೆಂಡ್ ಸುಮ್ಮನಿದ್ದು, ಇಪ್ಪತ್ತು ಸೆಕೆಂಡ್ ಮಾತಾಡಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ. ಸುಮ್ಮನಿದ್ದ ಭಾಗದಲ್ಲಿ ಟಿ.ವಿ.ಯ ಮಾತುಗಳು ಬಿಡಿಬಿಡಿಯಾಗಿ ತಿಳಿದರೆ ಮೈಕನ್ನು ಇನ್ನೂ ಹತ್ತಿರ ತನ್ನಿ, ಇಲ್ಲವೇ ಕೋಣೆ ಬದಲಿಸಿ. ಬರೀ ಗುಜುಗುಜು ಕೇಳಿದರೆ ಸಾಕು. ನೀವು ಮಾತಾಡುವಾಗ ಅದು ಮುಚ್ಚಿಹೋಗುತ್ತದೆ.

ಸಾಫ್ಟ್‌ವೇರ್‌ನಿಂದ ಎಷ್ಟು ಸಾಧ್ಯ?

ಉಚಿತವಾಗಿ ಸಿಗುವ Audacityಯಲ್ಲಿ Noise Reduction ಇದೆ. ಅದು ಫ್ಯಾನಿನಂಥ ಒಂದೇ ಸಮನೆಯ ಸದ್ದಿಗೆ ಮಾತ್ರ ಒಳ್ಳೆಯದು. ಟಿ.ವಿ.ಯ ಮಾತು ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಅದೂ ನಿಮ್ಮ ದನಿ ಇರುವ ಕಂಪನಗಳಲ್ಲೇ ಇರುತ್ತದೆ. ಒತ್ತಾಯದಿಂದ ತೆಗೆಯಹೋದರೆ ನಿಮ್ಮ ದನಿಯೇ ನೀರೊಳಗಿಂದ ಬಂದಂತೆ ಕೇಳುತ್ತದೆ.

ದೂರದ ಲೌಡ್‌ಸ್ಪೀಕರಿನ ಧಂಧಂ ಮಾತ್ರ ಬೇರೆ. ಗೋಡೆ ದಾಟಿ ಬರುವುದು ಹೆಚ್ಚಾಗಿ ತಗ್ಗಿನ ಸದ್ದು. Effect ಮೆನುವಿನ High-Pass Filterನಲ್ಲಿ ಗಂಡು ದನಿಗೆ 80 ಹರ್ಟ್ಜ್, ಹೆಣ್ಣು ದನಿಗೆ 120 ಹರ್ಟ್ಜ್ ಇಟ್ಟು ನೋಡಿ. ದನಿ ತೆಳ್ಳಗಾಯಿತೆನಿಸಿದರೆ ಸಂಖ್ಯೆ ಇಳಿಸಿ.

ಹಾಡು ಸೇರಿಕೊಂಡರೆ

ಲೌಡ್‌ಸ್ಪೀಕರಿನ ಚಿತ್ರಗೀತೆ ಸ್ಪಷ್ಟವಾಗಿ ಕೇಳುವ ವಿಡಿಯೊವನ್ನು ಯೂಟ್ಯೂಬ್ ತಾನಾಗಿಯೇ ಗುರುತಿಸಿ, ಹಕ್ಕುದಾರರ ಹೆಸರಿನಲ್ಲಿ ತಕರಾರು ಹಾಕಬಹುದು. ಅಂಥ ಭಾಗವನ್ನು ಮತ್ತೆ ರೆಕಾರ್ಡ್ ಮಾಡುವುದೇ ಲೇಸು. ಜಾತ್ರೆ, ಉತ್ಸವದ ಸ್ಪೀಕರ್ ಬೀದಿಯಲ್ಲೇ ಇದ್ದರೆ ಮೇಲಿನ ಯಾವ ಉಪಾಯವೂ ಸಾಲದು, ಹೊತ್ತನ್ನೇ ಬದಲಿಸಬೇಕು. 2000ದ ಕೇಂದ್ರದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಲೌಡ್‌ಸ್ಪೀಕರ್ ಹಾಕುವಂತಿಲ್ಲ. ಹಬ್ಬಗಳಿಗಾಗಿ ರಾಜ್ಯ ಸರ್ಕಾರಗಳು ವರ್ಷದಲ್ಲಿ 15 ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಈ ನಿಯಮ ಎಲ್ಲ ರಾಜ್ಯಗಳಿಗೂ ಒಂದೇ.

ಟಿ.ವಿ.ಯ ವಿಷಯಕ್ಕೆ ನಿಯಮ ಬೇಕಿಲ್ಲ. ಧಾರಾವಾಹಿಯ ಹೊತ್ತು ತಪ್ಪಿಸಿ, ಶುರುಮಾಡುವ ಮುಂಚೆ ಪಕ್ಕದ ಮನೆಯವರಿಗೆ ಅವರ ಭಾಷೆಯಲ್ಲೇ “ಅಕ್ಕಾ, ಇಪ್ಪತ್ತು ನಿಮಿಷ ಟಿ.ವಿ. ಸ್ವಲ್ಪ ಸಣ್ಣಗೆ ಇಡ್ತೀರಾ?” ಎಂದು ಕೇಳಿ. ಎಷ್ಟು ನಿಮಿಷ ಎಂದು ಹೇಳಿದರೆ ಒಪ್ಪುವುದು ಅವರಿಗೂ ಸುಲಭ.