ಹ್ಯಾಟ್ ಮಾತೃಕೆ

ಹ್ಯಾಟ್ ಮಾತೃಕೆಯು ರೇಖೀಯ ರಿಗ್ರೆಶನ್‌ನಲ್ಲಿ ಅಳೆದು ಪಡೆದ ಫಲಗಳನ್ನು (y) ಅಂದಾಜು ಫಲಗಳನ್ನಾಗಿ (ŷ) ಮಾರ್ಪಡಿಸುವ ಮಾತೃಕೆಯಾಗಿದೆ. ಇದರ ಸಂಕೇತ H. ಇದು y ಯ ತಲೆಯ ಮೇಲೆ ಟೋಪಿ ಇಡುವುದರಿಂದ ಈ ಹೆಸರು ಬಂದಿತು. ಹೆಸರಿಟ್ಟವರು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ.

ŷ = Hy, H = X(XᵀX)⁻¹Xᵀ

ಇಲ್ಲಿ X ನ ಪ್ರತಿಯೊಂದು ಅಡ್ಡಸಾಲು ಒಂದು ವೀಕ್ಷಣೆಯನ್ನೂ ಪ್ರತಿಯೊಂದು ಕಂಬಸಾಲು ಒಂದು ಸ್ವತಂತ್ರ ಚರವನ್ನೂ ಸೂಚಿಸುತ್ತದೆ. ಸ್ಥಿರಪದಕ್ಕಾಗಿ 1 ಗಳಿಂದಲೇ ತುಂಬಿದ ಕಂಬಸಾಲೊಂದನ್ನು ಸೇರಿಸಲಾಗುತ್ತದೆ.

ಪ್ರಕ್ಷೇಪವಾಗಿ ಹ್ಯಾಟ್ ಮಾತೃಕೆ

n ವೀಕ್ಷಣೆಗಳಿದ್ದರೆ y ಯನ್ನು n ಆಯಾಮಗಳ ಅವಕಾಶದಲ್ಲಿನ ಒಂದು ಬಿಂದುವೆಂದು ಭಾವಿಸಬಹುದು. X ನ ಕಂಬಸಾಲುಗಳನ್ನು ಬೇರೆ ಬೇರೆ ಪ್ರಮಾಣಗಳಲ್ಲಿ ಕೂಡಿಸಿ ಪಡೆಯಬಹುದಾದ ಬಿಂದುಗಳೆಲ್ಲ ಸೇರಿ ಅದರೊಳಗೆ ಒಂದು ಸಮತಲದಂತಹ ಉಪಾವಕಾಶವಾಗುತ್ತವೆ. ಕನಿಷ್ಠ ವರ್ಗ ವಿಧಾನವು ಆ ಉಪಾವಕಾಶದಲ್ಲಿ y ಗೆ ಅತ್ಯಂತ ಹತ್ತಿರವಿರುವ ಬಿಂದುವನ್ನು ಆರಿಸುತ್ತದೆ. ಅದು y ಯಿಂದ ಎಳೆದ ಲಂಬದ ಪಾದವೇ ಆಗಿದೆ. ನೆತ್ತಿಯ ಮೇಲಿನ ಸೂರ್ಯನು ನೆಲದ ಮೇಲೆ ಬೀಳಿಸುವ ನೆರಳಿಗೆ ಇದನ್ನು ಹೋಲಿಸಬಹುದು. ಆಗಲೇ ನೆಲದ ಮೇಲಿರುವುದನ್ನು ಮತ್ತೆ ಪ್ರಕ್ಷೇಪಿಸಿದರೆ ಅದು ಬದಲಾಗುವುದಿಲ್ಲ; ಆದುದರಿಂದ HH = H. ಉಳಿಯುವ ಶೇಷ y − ŷ ಉಪಾವಕಾಶಕ್ಕೆ ಲಂಬವಾಗಿರುತ್ತದೆ.

ಕರ್ಣದ ಅರ್ಥ

H ನ ಕರ್ಣದಲ್ಲಿರುವ hᵢᵢ ಎಂಬ ಸಂಖ್ಯೆಗೆ ಆ ವೀಕ್ಷಣೆಯ ಲಿವರೇಜ್ ಎಂದು ಹೆಸರು. yᵢ ಒಂದು ಮಾನದಷ್ಟು ಹೆಚ್ಚಿದರೆ ಅದರದೇ ಅಂದಾಜು ಎಷ್ಟು ಹೆಚ್ಚುತ್ತದೆ ಎಂಬುದನ್ನು ಇದು ತಿಳಿಸುತ್ತದೆ. ಇದರ ಬೆಲೆ 0 ಮತ್ತು 1 ರ ನಡುವೆ ಇರುತ್ತದೆ. ಕರ್ಣದ ಮೊತ್ತವು ಅಂದಾಜಿಸಿದ ಗುಣಾಂಕಗಳ ಸಂಖ್ಯೆ p ಗೆ ಸಮ. ಒಂದೇ ಸ್ವತಂತ್ರ ಚರವಿರುವ ಸರಳರೇಖೆಗೆ ಸೂತ್ರ ಹೀಗಿದೆ:

hᵢᵢ = 1/n + (xᵢ − x̄)² / Σ(xⱼ − x̄)²

ಅಂದರೆ x ನ ಸರಾಸರಿಯಿಂದ ದೂರವಿರುವ ಬಿಂದುವಿಗೆ ಲಿವರೇಜ್ ಹೆಚ್ಚು.

ಉದಾಹರಣೆ

x ನ ಬೆಲೆಗಳು 1, 2, 3, 4, 10 ಮತ್ತು y ಯ ಬೆಲೆಗಳು 2, 3, 4, 5, 5 ಆಗಿರಲಿ. x ನ ಸರಾಸರಿ 4, ವಿಚಲನೆಗಳ ವರ್ಗಗಳ ಮೊತ್ತ 50. ಆಗ ಕರ್ಣವು ಕ್ರಮವಾಗಿ 0.38, 0.28, 0.22, 0.20, 0.92, ಮೊತ್ತ 2.

ಮೊದಲ ನಾಲ್ಕು ಬಿಂದುಗಳು y = x + 1 ಎಂಬ ರೇಖೆಯ ಮೇಲಿವೆ. ಅದರಂತೆ ಐದನೆಯ ಬೆಲೆ 11 ಆಗಬೇಕಿತ್ತು. ಇರುವುದು 5, ವ್ಯತ್ಯಾಸ −6. ಆದರೆ ಐದು ಬಿಂದುಗಳಿಗೂ ಹೊಂದಿಸಿದ ರೇಖೆ ಅಲ್ಲಿ 5.48 ನ್ನು ಕೊಡುತ್ತದೆ. ಶೇಷವು (1 − 0.92) × (−6) = −0.48 ಮಾತ್ರ. ಅತಿ ದೊಡ್ಡ ಶೇಷ 1.2 ಕಾಣುವುದು x = 4 ರಲ್ಲಿ. ದೂರದ ಬಿಂದು ರೇಖೆಯನ್ನೇ ತನ್ನೆಡೆಗೆ ಎಳೆದುಕೊಂಡಿರುವುದರಿಂದ, ಶೇಷಗಳನ್ನಷ್ಟೇ ನೋಡುವವರು ನಿರ್ದೋಷಿ ಬಿಂದುವನ್ನು ಶಂಕಿಸುವ ಸಂಭವವಿದೆ.

ಮಿತಿಗಳು

ಲಿವರೇಜ್ X ನ್ನು ಮಾತ್ರ ಅವಲಂಬಿಸಿದೆ. ಮೇಲಿನ ಉದಾಹರಣೆಯಲ್ಲಿ ಐದನೆಯ ಫಲ 11 ಆಗಿದ್ದರೂ ಲಿವರೇಜ್ 0.92 ಆಗಿಯೇ ಉಳಿಯುತ್ತಿತ್ತು, ರೇಖೆಗೆ ಯಾವ ಹಾನಿಯೂ ಆಗುತ್ತಿರಲಿಲ್ಲ. ಆದುದರಿಂದ ಹೆಚ್ಚಿನ ಲಿವರೇಜ್ ಎಂದರೆ ದೋಷವಲ್ಲ, ಪ್ರಭಾವ ಬೀರುವ ಸಾಮರ್ಥ್ಯ. ಡೇವಿಡ್ ಹೋಗ್ಲಿನ್ ಮತ್ತು ರಾಯ್ ವೆಲ್ಶ್ 1978 ರಲ್ಲಿ 2p/n ನ್ನು ಮೀರಿದ ಬೆಲೆಗಳನ್ನು ಪರಿಶೀಲಿಸಬೇಕೆಂದು ಸೂಚಿಸಿದರು. ಇಲ್ಲಿ ಆ ಗಡಿ 0.8, ಐದನೆಯ ಬಿಂದು ಮಾತ್ರ ಅದನ್ನು ಮೀರುತ್ತದೆ. ಅಂತಹ ಬಿಂದುವನ್ನು ಬಿಟ್ಟು ರೇಖೆಯನ್ನು ಮತ್ತೊಮ್ಮೆ ಹೊಂದಿಸಿ ನೋಡಿದರೆ ಅದರ ನಿಜವಾದ ಪ್ರಭಾವ ತಿಳಿಯುತ್ತದೆ: ಇಲ್ಲಿ ಇಳಿಜಾರು 0.28 ರಿಂದ 1 ಕ್ಕೆ ಏರುತ್ತದೆ.