ಮನೆ ಬಾಡಿಗೆ ಕೊಡೋ ಮುನ್ನ: ಆಧಾರ್ ಝೆರಾಕ್ಸ್ ಒಂದೇ ಸಾಲೋದಿಲ್ಲ, ಠಾಣೆಯ ಸೀಲು ಬಿದ್ದ ಪ್ರತಿಯೂ ಕೈಯಲ್ಲಿರಲಿ

ಭೂತನಾಳ: ಕೆರೆ ಕಡೆಯ ಬಡಾವಣೆಗಳಲ್ಲಿ ಮೇಲೊಂದು ಮನೆ ಕಟ್ಟಿ ಬಾಡಿಗೆಗೆ ಬಿಟ್ಟವರನ್ನು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ, ‘ಆಧಾರ್ ಝೆರಾಕ್ಸ್ ಇಸಗೊಂಡೇವಲ್ರಿ, ಮತ್ತೇನ್ ಬೇಕು?’ ಆ ಝೆರಾಕ್ಸ್ ಎಷ್ಟರಮಟ್ಟಿಗೆ ಕೈಹಿಡಿಯುತ್ತೆ ಅನ್ನೋದಕ್ಕೆ ಮೈಸೂರಿನ ಪ್ರಕರಣ ಒಂದನ್ನು ನೋಡಬೇಕು.

2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೋದೊಳಗೆ ಕುಕ್ಕರ್ ಬಾಂಬ್ ಸ್ಫೋಟಿಸಿತು. ಆರೋಪಿ ಅದಕ್ಕೂ ಮೊದಲು ಮೈಸೂರಿನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದ. ಮಾಲೀಕರಿಗೆ ಆಧಾರ್ ಕೊಟ್ಟೇ ಒಳಗೆ ಹೋಗಿದ್ದ. ಆದರೆ ಆ ಆಧಾರ್‌ನಲ್ಲಿದ್ದ ಹೆಸರು ಅವನದ್ದಲ್ಲ, ಕಾರ್ಡ್ ಕಳೆದುಕೊಂಡಿದ್ದ ಹುಬ್ಬಳ್ಳಿ ಮೂಲದ ರೈಲ್ವೆ ನೌಕರರೊಬ್ಬರದ್ದು ಅಂತ ಪೊಲೀಸರ ತನಿಖೆಯಲ್ಲಿ ಹೊರಬಿತ್ತು. ಏನೂ ಅರಿಯದ ಆ ನೌಕರರಿಗೂ, ಮನೆ ಮಾಲೀಕರಿಗೂ ಪೊಲೀಸರ ಪ್ರಶ್ನೆಗಳಿಗೆ ಉತ್ತರ ಕೊಡುವ ಪಾಳಿ ಬಂತು.

ಕಾಗದ ಇತ್ತು, ಆದರೆ ಕಾಗದದಲ್ಲಿರೋ ಮನುಷ್ಯ ಮತ್ತು ಎದುರಿಗೆ ನಿಂತ ಮನುಷ್ಯ ಒಬ್ಬರೇನಾ ಅಂತ ಯಾರೂ ನೋಡಿರಲಿಲ್ಲ. ಪೊಲೀಸ್ ಪರಿಶೀಲನಾ ಫಾರಂ ಇರೋದು ಇದಕ್ಕೇ.

ಒಂದು ಉದಾಹರಣೆ ಹಿಡಿದು ನೋಡೋಣ. ಭೂತನಾಳದಲ್ಲಿ ಎರಡು ಕೋಣೆಯ ಮನೆ, ಬಾಡಿಗೆ 6,000, ಅಡ್ವಾನ್ಸ್ 30,000 ರೂಪಾಯಿ. ಕೇಳಿಕೊಂಡು ಬಂದವನು ಗಡಿಯಾಚೆ ಜತ್ತ ತಾಲೂಕಿನವನು, ವಿಜಯಪುರದ ಅಂಗಡಿಯೊಂದರಲ್ಲಿ ಕೆಲಸ.

ಮೊದಲು ಮೂಲ ಆಧಾರ್ ಕಾರ್ಡನ್ನೇ ಕೇಳಿ, ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೊ ನಡೆಯೋದಿಲ್ಲ. ಕಾರ್ಡಿನ ಮೇಲಿರೋ ಕ್ಯೂಆರ್ ಕೋಡನ್ನು ಆಧಾರ್ ಪ್ರಾಧಿಕಾರದ್ದೇ ಆ್ಯಪ್‌ನಿಂದ ಸ್ಕ್ಯಾನ್ ಮಾಡಬೇಕು. ಫೋನ್‌ಪೇ ಸ್ಕ್ಯಾನರ್‌ನಲ್ಲಿ ಹಿಡಿದರೆ ಬರೀ ಉದ್ದನೆಯ ಅಂಕಿ ಸಾಲು ಬರಬಹುದು, ಅಥವಾ ಏನೂ ಬರದೇ ಇರಬಹುದು. ಹಂಗಂತ ಕಾರ್ಡ್ ನಕಲಿ ಅಂದ್ಕೋಬೇಡಿ. ಸರಿಯಾದ ಆ್ಯಪ್‌ನಲ್ಲಿ ಹೆಸರು, ವಿಳಾಸದ ಜೊತೆ ಫೋಟೊ ಕೂಡ ತೆರೆದುಕೊಳ್ಳುತ್ತೆ. ಕಾರ್ಡಿನ ಮೇಲೆ ಮುದ್ರಿಸಿದ ಫೋಟೊ ಬದಲಿಸೋದು ಕಂಪ್ಯೂಟರ್ ಬಲ್ಲ ಹುಡುಗನಿಗೆ ಹತ್ತು ನಿಮಿಷದ ಕೆಲಸ. ಕೋಡಿನ ಒಳಗಿರೋದಕ್ಕೆ ಡಿಜಿಟಲ್ ಸಹಿ ಇರುತ್ತೆ, ಅದನ್ನು ಹಾಗೆ ತಿದ್ದೋಕೆ ಆಗೋದಿಲ್ಲ. ಎರಡು ಫೋಟೊ ಬೇರೆ ಬೇರೆ ಕಂಡರೆ ಮಾತು ಅಲ್ಲಿಗೇ ನಿಲ್ಲಿಸಿ, ಠಾಣೆಗೆ ತಿಳಿಸಿ.

ಫಾರಂನಲ್ಲಿ ಬರೆಯೋ ಮೊಬೈಲ್ ನಂಬರಿಗೆ ಅವರೆದುರೇ ಒಂದು ರಿಂಗ್ ಕೊಡಿ. ಅವರ ಜೇಬಿನೊಳಗಿನ ಫೋನ್ ಬಾರಿಸಬೇಕು. ಕೆಲಸದ ಅಂಗಡಿಗೂ, ಹಿಂದಿನ ಮನೆ ಮಾಲೀಕರಿಗೂ ಒಂದೊಂದು ಫೋನ್ ಹೋಗಲಿ. ಹಿಂದಿನ ಮಾಲೀಕರ ನಂಬರ್ ಕೇಳಿದ ಕೂಡಲೇ ‘ಅವರು ಊರಾಗಿಲ್ರಿ’ ಅನ್ನೋ ಉತ್ತರ ಬಂದರೆ ಅವಸರ ಮಾಡಬೇಡಿ. ಒಂದೇ ಸಲಕ್ಕೆ ಆರು ತಿಂಗಳ ಬಾಡಿಗೆ ರೊಕ್ಕ ಕೊಡ್ತೀನಿ, ಆದರೆ ಪೇಪರ್ ಬೇಡ ಅನ್ನೋ ಗಿರಾಕಿಯ ಹತ್ರ ಇನ್ನೂ ಜಾಗರೂಕರಾಗಿರಿ.

ಇನ್ನು ಫಾರಂ. ಅದರಲ್ಲಿ ಮಾಲೀಕರ ವಿವರ, ಬಾಡಿಗೆದಾರರ ಫೋಟೊ, ತಂದೆಯ ಹೆಸರು, ಈಗಿನ ಮತ್ತು ಕಾಯಂ ವಿಳಾಸ, ಕೆಲಸದ ಜಾಗ, ಜೊತೆಗಿರೋರ ಹೆಸರು, ಗಾಡಿ ನಂಬರ್ ಕೇಳಿರುತ್ತಾರೆ. ಜನ ಅರ್ಧಂಬರ್ಧ ಬಿಡೋದು ಕಾಯಂ ವಿಳಾಸವನ್ನ. ‘ಜತ್ತ’ ಅಂತ ಒಂದೇ ಪದ ಬರೆದರೆ ಪರಿಶೀಲನೆ ಮುಂದೆ ಹೋಗೋದೇ ಇಲ್ಲ, ಯಾಕಂದ್ರೆ ಇಲ್ಲಿನ ಠಾಣೆಯವರು ವಿಚಾರಿಸಬೇಕಾಗಿರೋದು ಅವರ ಊರಿನ ಠಾಣೆಯನ್ನ. ಊರು, ತಾಲೂಕು, ಜಿಲ್ಲೆ, ರಾಜ್ಯ, ಆ ಊರು ಬರೋ ಠಾಣೆ ಇಷ್ಟೂ ಇರಲಿ. ಬೇರೆ ರಾಜ್ಯದವರಾದ್ರೆ ಉತ್ತರ ಬರೋಕೆ ತಡ ಆಗಬಹುದು.

ಎರಡು ಪ್ರತಿ ತುಂಬಿ, ಒಂದನ್ನು ನಿಮ್ಮ ಮನೆ ಬರೋ ಠಾಣೆಗೆ ಕೊಡಿ. ಯಾವ ಠಾಣೆ ಅನ್ನೋ ಗೊಂದಲ ಇದ್ದರೆ ಬೀಟ್ ಪೊಲೀಸರೇ ಹೇಳ್ತಾರೆ. ಇನ್ನೊಂದು ಪ್ರತಿ ಮೇಲೆ ಠಾಣೆಯ ಸೀಲು, ತಾರೀಖು, ತಗೊಂಡವರ ಸಹಿ ಹಾಕಿಸಿಕೊಂಡು ಬನ್ನಿ. ಸಾಕಷ್ಟು ಜನ ಇಲ್ಲೇ ಎಡವೋದು. ಫಾರಂ ಕೊಟ್ಟು ಬರಿಗೈಲಿ ವಾಪಸ್ ಬರ್ತಾರೆ, ನಾಳೆ ‘ಕೊಟ್ಟಿದ್ದೆ’ ಅನ್ನೋಕೆ ಸಾಕ್ಷಿ ಇರೋದಿಲ್ಲ. ಸೀಲು ಬಿದ್ದ ಮಾತ್ರಕ್ಕೆ ಪರಿಶೀಲನೆ ಮುಗೀತು ಅಂತನೂ ಅಲ್ಲ. ಅದು ಮಾಹಿತಿ ಕೊಟ್ಟಿದ್ದಕ್ಕೆ ಗುರುತು ಅಷ್ಟೇ. ಕೆಲವು ದಿನ ಬಿಟ್ಟು ಊರಿನ ಠಾಣೆಯಿಂದ ಏನು ಬಂತು ಅಂತ ಒಮ್ಮೆ ಕೇಳಿ.

ಕೊಡದಿದ್ದರೆ ದಂಡ ಇದೆಯಾ ಅನ್ನೋದು ಎಲ್ಲರ ಪ್ರಶ್ನೆ. ಬಾಡಿಗೆದಾರರ ಮಾಹಿತಿ ಕೊಡಲೇಬೇಕು ಅಂತ ಆಡಳಿತ ಸಾಮಾನ್ಯವಾಗಿ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ (ಹಳೆಯ 144) ಕೆಳಗೆ ಆದೇಶ ಹೊರಡಿಸುತ್ತೆ. ಇಂಥ ಆದೇಶಕ್ಕೆ ಎರಡು ತಿಂಗಳ ಆಯುಸ್ಸು, ಸರ್ಕಾರ ಬೇಕಾದ್ರೆ ಇನ್ನೂ ಆರು ತಿಂಗಳು ಮುಂದುವರಿಸಬಹುದು. ಆದೇಶ ಜಾರಿಯಲ್ಲಿದ್ದಾಗ ಮೀರಿದರೆ ನ್ಯಾಯ ಸಂಹಿತೆಯ 223ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸಾದಾ ಸಜೆ, ಇಲ್ಲವೇ 2,500 ರೂಪಾಯಿವರೆಗೆ ದಂಡ, ಅಥವಾ ಎರಡೂ. ಜೀವಕ್ಕೆ ಅಪಾಯ ಆಗುವಂತಿದ್ದರೆ ಒಂದು ವರ್ಷ ಮತ್ತು 5,000ದವರೆಗೂ ಹೋಗುತ್ತೆ. ಆದೇಶ ಇಲ್ಲದ ದಿನದಲ್ಲೂ ಫಾರಂ ಕೊಟ್ಟಿಡೋದರಿಂದ ನಷ್ಟ ಇಲ್ಲ. ಬಾಡಿಗೆದಾರರು ವಿದೇಶಿಯರಾದ್ರೆ ಮಾತೇ ಬೇರೆ, 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಹೋಗಬೇಕು.

ಕರಾರು ಪತ್ರ 11 ತಿಂಗಳಿಗೇ ಯಾಕೆ ಅಂತ ಹಲವರಿಗೆ ಗೊತ್ತಿಲ್ಲ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಣಿ ಮಾಡಿಸಲೇಬೇಕು. ಅದಕ್ಕೇ 11. ಹಂಗಂತ ಮುಗಿದ ಕರಾರನ್ನೇ ಮೂರು ವರ್ಷ ಎಳೀಬೇಡಿ, ಪ್ರತಿ ಸಲ ಹೊಸದು ಬರೆಸಿ. ಇ-ಸ್ಟಾಂಪ್ ಮೇಲೆ ಇಬ್ಬರ ಹೆಸರೂ ಸರಿಯಾಗಿದೆಯಾ, ಅದರ ತಾರೀಖು ಸಹಿ ಮಾಡಿದ ದಿನದ್ದೋ ಅದಕ್ಕಿಂತ ಮೊದಲಿನದೋ ಅಂತ ನೋಡಿ. ಸಹಿ ಆದ ಮೇಲೆ ಕೊಂಡ ಸ್ಟಾಂಪ್ ಮುಂದೆ ಕೋರ್ಟ್‌ನಲ್ಲಿ ತಕರಾರಿಗೆ ದಾರಿ. ಕರಾರಿನಲ್ಲಿ ಬಾಡಿಗೆ, ಅಡ್ವಾನ್ಸ್, ಕರೆಂಟ್ ಬಿಲ್ ಯಾರು ಕಟ್ಟಬೇಕು ಅನ್ನೋದರ ಜೊತೆಗೆ ಯಾರ‍್ಯಾರು ಇರ್ತಾರೆ ಅನ್ನೋದೂ ಬರಲಿ. ಒಬ್ಬ ಬಂದು ಕರಾರು ಮಾಡಿ, ತಿಂಗಳೊಪ್ಪತ್ತಿನಲ್ಲಿ ಮೂರು ಜನ ಗೆಳೆಯರು ಸೇರಿಕೊಳ್ಳೋದು ಇಲ್ಲಿ ಹೊಸದೇನಲ್ಲ. ಹೊಸಬರು ಬಂದರೆ ಅವರದ್ದೂ ಬೇರೆ ಫಾರಂ ಠಾಣೆಗೆ ಹೋಗಬೇಕು.

ಅಂಗಡಿ ಮಳಿಗೆ ಬಾಡಿಗೆ ಕೊಡೋರಿಗೆ ಇನ್ನೊಂದು ತಲೆನೋವು ಇದೆ. ಜಿಎಸ್‌ಟಿ ನೋಂದಣಿಗೆ ಬಾಡಿಗೆದಾರರು ಕರಾರಿನ ಜೊತೆ ನಿಮ್ಮ ಹೆಸ್ಕಾಂ ಬಿಲ್ ಅಥವಾ ಟ್ಯಾಕ್ಸ್ ರಸೀದಿ ಕೇಳ್ತಾರೆ. ಕೊಡಿ, ಆದರೆ ಪ್ರತಿಯ ಮೇಲೆ ಅಡ್ಡಲಾಗಿ ‘ಈ ಮಳಿಗೆಯ ಜಿಎಸ್‌ಟಿಗೆ ಮಾತ್ರ’ ಅಂತ ಬರೆದು, ಅಂಗಡಿ ಹೆಸರು, ತಾರೀಖು, ಸಹಿ ಹಾಕಿ. ಅವರು ಖಾಲಿ ಮಾಡುವಾಗ ನೋಂದಣಿಯಲ್ಲಿ ನಿಮ್ಮ ವಿಳಾಸ ತೆಗೆಸಿದ್ದಕ್ಕೆ ದಾಖಲೆ ಕೇಳಿ, ಆಮೇಲೇ ಅಡ್ವಾನ್ಸ್ ವಾಪಸ್.

ಇದೇ ರೀತಿ ಬಾಡಿಗೆದಾರರ ಆಧಾರ್ ಪ್ರತಿ ಮೇಲೂ ‘ಮನೆ ಬಾಡಿಗೆಗೆ ಮಾತ್ರ’ ಅಂತ ಅವರ ಕೈಯಿಂದಲೇ ಬರೆಸೋದು ಒಳ್ಳೇದು. ಅವರ ಕಾರ್ಡ್ ಇನ್ನೊಬ್ಬರ ಕೈ ಸೇರಬಾರದು ಅನ್ನೋ ಜವಾಬ್ದಾರಿ ಮಾಲೀಕರದ್ದೂ ಹೌದು. ಮೈಸೂರಿನಲ್ಲಿ ಬಳಕೆಯಾಗಿದ್ದೂ ಕಳೆದುಹೋದ ಕಾರ್ಡೇ.

ಸೀಲು ಬಿದ್ದ ಫಾರಂ, ಕರಾರು, ಅಡ್ವಾನ್ಸ್ ಕೊಟ್ಟ ರಸೀದಿ, ಮನೆ ಕೊಟ್ಟ ದಿನದ ಮೀಟರ್ ರೀಡಿಂಗ್ ಫೋಟೊ ಇವೆಲ್ಲ ಒಂದೇ ಫೈಲಿನಲ್ಲಿರಲಿ. ಅವರು ಖಾಲಿ ಮಾಡಿ ಹೋದ ತಾರೀಖನ್ನೂ ಬರೆದಿಟ್ಟು, ಠಾಣೆಗೆ ಒಂದು ಚೀಟಿ ಕೊಡಿ. ಬಾಡಿಗೆ ಬಾಕಿಗೆ ದಾವೆ ಹೂಡೋಕೆ ಕಾಲಮಿತಿ ಮೂರು ವರ್ಷ ಇರೋದರಿಂದ, ಖಾಲಿಯಾದ ಮೇಲೂ ಅಷ್ಟು ದಿನ ಆ ಫೈಲು ರದ್ದಿಗೆ ಹಾಕೋ ಹಂಗಿಲ್ಲ.